ಗೋಡೆಯ ಜಿರಾಫೆ ಕೊಟ್ಟ ಎತ್ತರ

ಏಳು ಸೆಂಟಿಮೀಟರಿಗೆ ನಾವು ತೆತ್ತ ಬೆಲೆ ನನ್ನ ತಮ್ಮನ ಖಾಯಂ ಕೆಲಸ. ಮಕ್ಕಳ ಎತ್ತರ ನೋಡುವ ಜಿರಾಫೆ ಚಿತ್ರದ ಪಟವೊಂದನ್ನು ಯಾರೋ ಗೋಡೆಗೆ ಸರಿಯಾಗಿ ಅಂಟಿಸದೆ ಹೋದದ್ದೇ ಕಾರಣ.

ತಮ್ಮ ಗಲ್ಫಿನ ರುವೈಸ್‌ನಲ್ಲಿ ಫಿಟ್ಟರ್. ಸಮುದ್ರದ ನಡುವಿನ ತೈಲಕಟ್ಟೆಯಲ್ಲಿ ಇದಕ್ಕಿಂತ ಒಳ್ಳೆಯ ಸಂಬಳದ ಕೆಲಸವಿದೆ ಎಂದು ಏಜೆನ್ಸಿಯೊಂದು ಅವನನ್ನು ಕರೆದಿತ್ತು. ಷರತ್ತು ಒಂದೇ, ಬಿಎಂಐ ಮೂವತ್ತೈದರೊಳಗಿರಬೇಕು. ರುವೈಸ್‌ನಿಂದ ಎಲ್ಲರೂ ಅಬುಧಾಬಿಗೆ ಬರುವುದು ಕಷ್ಟವೆಂದು ಮೊದಲ ಸುತ್ತಿಗೆ ಫೋಟೊ ಸಾಕು ಎಂದರು. ತೂಕದ ಯಂತ್ರದ ಮೇಲೆ ನಿಂತು ಕಾಲ್ಬೆರಳೂ ಅಂಕಿಯೂ ಕಾಣುವಂತೆ ಒಂದು, ಎತ್ತರದ ಪಟಕ್ಕೆ ಬೆನ್ನು ತಾಗಿಸಿ ನಿಂತು ಇನ್ನೊಂದು. ಏಜೆನ್ಸಿಯ ನರ್ಸ್ ಅವನ್ನು ನೋಡಿ ಲೆಕ್ಕ ಹಾಕುತ್ತಾಳೆ. ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಒಂದಲ್ಲ, ಎರಡು ಸಲ ಭಾಗಿಸಬೇಕು. ಅದಕ್ಕೇ ಎತ್ತರದ ಸಣ್ಣ ತಪ್ಪೂ ಉತ್ತರವನ್ನು ದೊಡ್ಡದಾಗಿ ಅಲುಗಿಸುತ್ತದೆ.

ಪಕ್ಕದ ಕ್ವಾರ್ಟರ್ಸ್‌ನಲ್ಲಿ ಮಗುವಿದ್ದ ಮನೆಯಿಂದ ಪಟ ಸಿಕ್ಕಿತು, ತಂದು ರೂಮಿನ ಗೋಡೆಗೆ ಅಂಟಿಸಿದರು. ತೂಕ ತೊಂಬತ್ತೆಂಟು, ಎತ್ತರ ನೂರ ಎಪ್ಪತ್ತೆರಡು, ಬಿಎಂಐ ಮೂವತ್ತಮೂರು ಚಿಲ್ಲರೆ. ಪಾಸ್.

"ನೋಡು ಅಕ್ಕ, ಗಲ್ಫಿಗೆ ಬಂದ ಮೇಲೆ ನಾನು ಉದ್ದ ಆಗಿದ್ದೇನೆ," ಎಂದು ಫೋನ್ ಮಾಡಿದ.

"ಅಗಲ ಆದದ್ದು ಗೊತ್ತುಂಟು. ಉದ್ದ ಯಾವಾಗ ಆದೆ ಮಾರಾಯ?"

"ಹೊಟ್ಟೆಕಿಚ್ಚು ನಿನಗೆ! ರಿಸೈನ್ ಕೊಟ್ಟಾಯ್ತು. ನನ್ನ ಜಾಗಕ್ಕೆ ಆಚೆ ಕ್ಯಾಂಪಿನವನೂ ಬಂದಾಯ್ತು. ಖಲಾಸ್."

ಆಮೇಲೆ ಹೆಮ್ಮೆಯಿಂದ ಎರಡೂ ಫೋಟೊ ಕಳಿಸಿದ.

ನನಗೆ ದುಬೈನ ಡೇರಾ ಭಾಗದ ಅಲ್ ಮುರಕ್ಕಬಾತ್‌ನಲ್ಲಿ ಪರದೆಯ ಅಂಗಡಿ ಇದೆ. ಒಂದು ಕತ್ತರಿ, ಒಂದು ಟೇಪಿನಿಂದ ಶುರು ಮಾಡಿದ್ದು. ಪರದೆ ಮಾರುವವಳ ಕಣ್ಣು ಮೊದಲು ಕೆಳಗಂಚಿಗೇ ಹೋಗುತ್ತದೆ. ತಮ್ಮನ ತಲೆಯ ಬಳಿ ಅಂಕಿ ಸರಿಯಾಗಿಯೇ ಇತ್ತು. ಪಾದದ ಬಳಿ ಹಿಗ್ಗಿಸಿ ನೋಡಿದೆ. ಪಟದ ಕೆಳಗಂಚು ನೆಲಕ್ಕೆ ತಾಗಿ ಒಳಕ್ಕೆ ಮಡಚಿಕೊಂಡಿತ್ತು. ನೆಲದಿಂದ ಮೊದಲು ಕಾಣುತ್ತಿದ್ದ ಅಂಕಿ ಸೊನ್ನೆಯಲ್ಲ, ಏಳು. ಅಂಟಿಸುವಾಗ ಅಷ್ಟು ಕೆಳಗಿಳಿಸಿದ್ದರು. ನೂರ ಎಪ್ಪತ್ತೆರಡರಲ್ಲಿ ಏಳು ಹೋದರೆ ನೂರ ಅರವತ್ತೈದು. ಮೊಬೈಲಿನಲ್ಲಿ ಭಾಗಿಸಿದೆ. ಮೂವತ್ತಾರು ಬಂತು. ಮತ್ತೊಮ್ಮೆ ಭಾಗಿಸಿದೆ. ಅಷ್ಟೇ ಬಂತು.

ನನ್ನ ಬಾಯಿಗೆ ಸೋಲದ ಅಂಗಡಿ ಡೇರಾದಲ್ಲಿ ಇಲ್ಲ. ಏಜೆನ್ಸಿಯ ನರ್ಸಿಗೆ ಫೋನ್ ಮಾಡಿ ಪಟದ ಕಥೆ ಹೇಳಿದೆ. ಅವಳು ನಮ್ಮ ಉಡುಪಿ ಕಡೆಯವಳೇ.

"ಒಂದು ಪಾಯಿಂಟ್ ಹೆಚ್ಚು ಕಡಿಮೆ ಬಿಡ್ಲಿಕ್ಕೆ ಆಗುದಿಲ್ವಾ? ಕೆಲಸದಲ್ಲಿ ಜೋರಿನ ಹುಡುಗ."

"ಅಕ್ಕ, ಇದೆಂತ ಪರದೆ ಬಟ್ಟೆಯಾ, ಒಂದು ಮೀಟರ್ ಮೇಲೆ ಒಂದಿಷ್ಟು ಸೇರಿಸಿ ಕೊಡ್ಲಿಕ್ಕೆ? ಆ ತೈಲಕಟ್ಟೆಯಲ್ಲಿ ಯಾರಾದ್ರೂ ಬಿದ್ರೆ ಸ್ಟ್ರೆಚರಿನಲ್ಲಿ ಕಟ್ಟಿ ಇಳಿಸ್ಬೇಕು. ಅದಕ್ಕೆ ಲಿಮಿಟ್. ನಾನು ಫೋಟೊದಲ್ಲಿ ಕಂಡದ್ದನ್ನು ಬರೆದದ್ದು. ಕ್ಲಿನಿಕ್‌ನಲ್ಲಿ ಹೇಗೂ ಪುನಃ ಅಳೀತಾರೆ."

"ಹಾಗಾದ್ರೆ ಮೂರು ಕಿಲೋ ಇಳಿಸಿದ್ರೆ?"

"ಇಳಿಸಿದ್ರೆ ಪಾಸ್. ಆದ್ರೆ ಅಪಾಯಿಂಟ್‌ಮೆಂಟ್ ನಾಡಿದ್ದು, ಅಕ್ಕ."

ತಮ್ಮನಿಗೆ ಹೇಳಿದೆ. "ಪಟ ಅಂಟಿಸಿದ್ದು ನನ್ನ ರೂಮ್‌ಮೇಟ್. ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾನೆ," ಎಂದ. ಹಳೇ ಕಂಪನಿಯ ಬಾಗಿಲಿಗೆ ಹೋಗಿ ಬಂದ. ಅಲ್ಲಿ "ಮಾಫಿ" ಎಂಬ ಒಂದೇ ಅರಬ್ಬಿ ಮಾತು, ಅಂದರೆ ಇಲ್ಲವೇ ಇಲ್ಲ. ಎರಡು ದಿನ ಬರೀ ಸೌತೆಕಾಯಿ ತಿಂದ.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್‌ಗೆ ನಾನೂ ಹೋಗಿದ್ದೆ. ಗೋಡೆಗೆ ತಿರುಪು ಹಾಕಿ ನಿಲ್ಲಿಸಿದ ಅಳತೆಗೋಲು. ಅವನು ಹಿಮ್ಮಡಿ ಒತ್ತಿ ನಿಂತ. ಜಾರುಪಟ್ಟಿ ಮೆಲ್ಲಗೆ ಇಳಿದು ಅವನ ನೆತ್ತಿಗೆ ತಾಗಿತು. ಅವನು ಕುತ್ತಿಗೆ ನೀಳ ಮಾಡಿದ್ದು ನನಗೆ ಕಂಡಿತು, ಅಳೆಯುವವನಿಗೂ ಕಂಡಿರಬೇಕು. ನೂರ ಅರವತ್ತೈದು. ತೂಕ ತೊಂಬತ್ತೇಳೂವರೆ. ಮೂವತ್ತೈದು ಪಾಯಿಂಟ್ ಎಂಟು.

"ಇನ್ನೊಮ್ಮೆ ಅಳೆಯಿರಿ," ಎಂದೆ ನಾನು. ಅಳೆದರು. ಜೀವಮಾನವೆಲ್ಲ ಅಳತೆಯ ಮೇಲೆ ಜಗಳಾಡಿದವಳು ಅಲ್ಲಿ ಪರ್ಸ್ ಮುಚ್ಚಿಕೊಂಡು ನಿಂತೆ. ಕೊಡಲು ಏನೂ ಇರಲಿಲ್ಲ, ಕಡಿಮೆ ಮಾಡಿಸಲೂ ಏನೂ ಇರಲಿಲ್ಲ.

ಹೊರಗೆ ಬಂದು ಅವನು ಕೇಳಿದ್ದು ಇಷ್ಟೇ: "ಅಕ್ಕ, ಈಗ ಊಟ ಮಾಡ್ಬಹುದಾ?"

ಈಗ ಅವನು ನನ್ನ ಅಂಗಡಿಯಲ್ಲಿ ರಾಡ್ ಕೂರಿಸುತ್ತಾನೆ. ಹೊಸ ವೀಸಾ ಇನ್ನೂ ಆಗಿಲ್ಲ. ತೂಕ ತಾನಾಗಿಯೇ ಇಳಿಯುತ್ತಿದೆ, ಆ ತೈಲಕಟ್ಟೆಯ ಕೆಲಸವಂತೂ ಹೋಗಿ ಆಯಿತು.

ನಿಮ್ಮಲ್ಲಿ ಯಾರಿಗಾದರೂ ಇಂಥ ಫೋಟೊ ತೆಗೆಯಲಿಕ್ಕಿದ್ದರೆ ತಲೆಯ ಬಳಿಯ ಅಂಕಿಗೆ ಮೊದಲೇ ಖುಷಿಪಡಬೇಡಿ. ಬಗ್ಗಿ ಪಟದ ಬುಡ ನೋಡಿ, ಸೊನ್ನೆ ನೆಲಕ್ಕೆ ತಾಗಿದೆಯೋ ಇಲ್ಲವೋ. ಸೊನ್ನೆಯಿಂದಲ್ಲದೆ ನಡುವಿನ ಅಂಕಿಯಿಂದ ಶುರುವಾಗುವ ಪಟವಾದರೆ ಟೇಪಿನಿಂದ ನೆಲದಿಂದಲೇ ಅಳೆದು ಅಂಟಿಸಿ. ತೂಕದ ಯಂತ್ರ ಕಾರ್ಪೆಟ್ ಮೇಲೆ ಬೇಡ, ಟೈಲ್ಸ್ ಮೇಲೆ ಇಡಿ. ಪಾದದಿಂದ ನೆತ್ತಿಯವರೆಗೆ ಒಂದೇ ಫೋಟೊದಲ್ಲಿ ಬರಲಿ. ಮತ್ತೆ, ಕ್ಲಿನಿಕ್ಕಿನ ಜಾರುಪಟ್ಟಿ ನಿಮ್ಮ ನೆತ್ತಿಗೆ ತಾಗುವವರೆಗೆ ಕೈಯಲ್ಲಿರುವ ಕೆಲಸದ ಬಾಗಿಲು ಎಳೆದುಕೊಳ್ಳಬೇಡಿ.