ಎಡಗೈ ಮಾತ್ರ ತನ್ನಿ

ಮೊಮ್ಮಗಳ ಮದುವೆಗೆಂದು ಮೊನ್ನೆ ಮನೆ ತುಂಬ ಮದರಂಗಿಯ ಕೋನುಗಳು ಬಂದಿದ್ದವು. ಒಂದರ ತುದಿ ಕತ್ತರಿಸಿದ್ದೇ ತಡ, ನೀಲಗಿರಿ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಇದೆಂಥ ಮದರಂಗಿ ಎಂದು ಮೂಗು ಮುರಿಯುವಷ್ಟರಲ್ಲಿ ಆ ಘಾಟಿನ ಅಡಿಯಿಂದ ಹಸಿ ಸೊಪ್ಪಿನ ಒಗರು ವಾಸನೆ ಎದ್ದಿತು. ಅರವತ್ತರ ದಶಕದ ಸಾಗರದ ನಮ್ಮ ಬೀದಿ, ಅದರ ಎದುರು ಮನೆ, ಆ ಮನೆಯ ಹುಡುಗಿ... ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತುಬಿಟ್ಟೆ.

ಎದುರು ಮನೆಯವಳು ನನ್ನ ಓರಗೆಯವಳು. ಒಂದೇ ಶಾಲೆ, ಒಂದೇ ಬೆಂಚು. ಗೆಳತಿ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಬಣ್ಣ ಅವಳಿಗಿಂತ ಒಂದು ಪಾಲು ಹೆಚ್ಚು, ಜಡೆ ಒಂದು ಗೇಣು ಉದ್ದ, ಆದರೂ ಜನ ಸುತ್ತ ಸೇರುತ್ತಿದ್ದುದು ಅವಳಿದ್ದಲ್ಲಿ. ಮಾತೆಂದರೆ ಅವಳದು. ಯಾರ ಮಾತಿಗೂ ನಗದ, ನಮ್ಮ ಮನೆಯಲ್ಲೇ ಇದ್ದ ನನ್ನ ಸೋದರತ್ತೆ ಕೂಡ ಅವಳು ಬಾಯಿ ತೆರೆದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹೊರಡುವಾಗ, ಕಾಫಿ ಲೋಟ ತಂದ ಆ ಎದುರು ಮನೆ ಹುಡುಗಿ ಚೂಟಿ ಎಂದು ಹೊಗಳಿ ಹೋದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಕೊನೆಗೆ ನಮ್ಮ ಮದುವೆಗಳೂ ಒಂದೇ ದಿನಕ್ಕೆ ಬಿದ್ದವು. ನಾನು ಹೊಸನಗರಕ್ಕೆ, ಅವಳು ತೀರ್ಥಹಳ್ಳಿಗೆ. ನಮ್ಮ ಮನೆಯಲ್ಲಿ ಅಮ್ಮ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಮದುವೆಗೆ ಕರೆದು ಬಂದಿದ್ದಳು. ಮುನ್ನಾದಿನದ ಮದರಂಗಿಗೆ ಯಾವ ಹೊತ್ತಿಗೆ ಬರಬೇಕೆಂದು ಮಾತ್ರ ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಅವಳೇ ಬೀದಿ ದಾಟಿ ಬಂದು, ನೋಟುಬುಕ್ಕಿನಿಂದ ಹರಿದ ಒಂದು ಹಾಳೆ ನನ್ನ ಕೈಗಿಟ್ಟಳು.

"ಮೊದ್ಲು ನಿಂಗೆ. ಓದಿ ಮುಂದಿನ ಮನೆಗೆ ದಾಟ್ಸು ಮಾರಾಯ್ತಿ," ಎಂದು ಹೇಳಿ ಹೋದಳು.

ಆ ಹಾಳೆ ಈಗಲೂ ನನಗೆ ಬಾಯಿಪಾಠ. "ನಾಳೆ ನಮ್ಮಲ್ಲಿ ಮದರಂಗಿ. ಬೆಳಗಿನ ಅರಿಶಿನ ಎಣ್ಣೆ ಮನೆಯವರಿಗೆ ಮಾತ್ರ, ಆಗ ಯಾರೂ ಇಣುಕಬೇಡಿ. ಮಧ್ಯಾಹ್ನ ಸರಿಯಾಗಿ ಎರಡಕ್ಕೆ ಬನ್ನಿ. ಉಂಡೇ ಬನ್ನಿ, ಕೈಗೆ ಹಚ್ಚಿದ ಮೇಲೆ ಹಸಿವೆಂದರೆ ತುತ್ತಿಡುವವರು ಇಲ್ಲಿಲ್ಲ. ಹಳೇ ಸೀರೆ ಉಡಿ, ಬಳೆ ಮೇಲೇರಿಸಿಕೊಳ್ಳಿ. ಎರಡೂವರೆಗೆ ಬಂದವರಿಗೆ ಬಟ್ಟಲು ಕೆರೆದದ್ದು, ಮೂರಕ್ಕೆ ಬಂದವರಿಗೆ ಬಟ್ಟಲು ತೊಳೆದ ನೀರು."

ಓದುತ್ತ ನಗು ಬಂತು. ನಗು ಬಂತೆಂದೇ ಮೈ ಉರಿಯಿತು. ಇಂಥ ಕರೆಯೋಲೆ ಬಂದ ಮೇಲೆ ನಮ್ಮ ಮನೆಗೆ ಯಾರು ಬಂದಾರು? ಹಾಳೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಸೇರಿಸಿದೆ. ಹಿಂಬದಿಯಲ್ಲೇನಾದರೂ ಇದೆಯೇ ಎಂದು ನೋಡಲಿಲ್ಲ. ಆಮೇಲೆ ತಲೆ ಬಾಚಿಕೊಂಡು ನಾನೇ ಮನೆಮನೆಗೆ ಹೋಗಿ, "ನಾಳೆ ಎರಡು ಗಂಟೆಗೆ ನಮ್ಮನೇಲಿ ಮದರಂಗಿ, ತಪ್ಪಿಸ್ಬೇಡಿ," ಎಂದು ಕರೆದು ಬಂದೆ. ಎದುರು ಮನೆಯದು ಎಷ್ಟು ಹೊತ್ತಿಗೆ ಎಂದು ಒಬ್ಬರು ಕೇಳಿದರು. ನಂಗೊತ್ತಿಲ್ಲ ಎಂದೆ.

ಮಾರನೆಯ ಬೆಳಿಗ್ಗೆ ಅತ್ತೆ ಸೊಪ್ಪು ಕೊಯ್ದು, ಹುಣಸೆಹುಳಿ, ಕಾಚು ಸೇರಿಸಿ, ನೀರಿನ ಬದಲು ಚಹಾದ ಡಿಕಾಕ್ಷನ್ ಹಾಕಿ ಒರಳಲ್ಲಿ ನುಣ್ಣಗೆ ಅರೆದಳು. ಅರೆದದ್ದು ಎರಡು ತಾಸು ಹಾಗೇ ನೆನೆಯಬೇಕು, ಆಗಲೇ ಅದು ಬಣ್ಣ ಬಿಡುವುದು. ಎರಡು ಗಂಟೆಗೆ ಬೀದಿಯ ಹೆಣ್ಣುಮಕ್ಕಳೆಲ್ಲ ನಮ್ಮ ಜಗಲಿಯಲ್ಲಿದ್ದರು. ಹಿಡಿಕಡ್ಡಿಯ ತುದಿಯಲ್ಲಿ ಅತ್ತೆ ಅಂಗೈ ನಡುವೆ ದೊಡ್ಡ ಚಂದ್ರ ಇಟ್ಟಳು, ಸುತ್ತ ಚುಕ್ಕಿ, ಬೆರಳ ತುದಿಗಳಿಗೆ ಟೊಪ್ಪಿ. ಮೊದಲು ನನಗೆ, ಎರಡೂ ಕೈಗೆ. ಆಮೇಲೆ ಒಬ್ಬೊಬ್ಬರಿಗಾಗಿ ಎಲ್ಲರಿಗೂ. ಎದುರು ಜಗಲಿ ಖಾಲಿ ಇತ್ತು. ಸುಳ್ಳೇಕೆ ಹೇಳಲಿ, ಅದನ್ನು ನೋಡಿ ನನಗೆ ಹಬ್ಬದ ಊಟ ಉಂಡಷ್ಟು ಸಂತೋಷವಾಯಿತು.

ಮೂರೂವರೆಗೆ ಅವಳು ನಮ್ಮ ಅಂಗಳಕ್ಕೆ ಬಂದಳು. ಎಡಗೈಯಲ್ಲಿ ಹಸಿ ಮದರಂಗಿ. ಬಲಗೈ ತೊಳೆದು ಒರೆಸಿ ಶುಭ್ರವಾಗಿತ್ತು. ಜಗಲಿ ತುಂಬ ಚಾಚಿಕೊಂಡಿದ್ದ ಕೈಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ನನ್ನ ಎರಡೂ ಕೈ ನೋಡಿದಳು.

"ಚೀಟಿ ಮಗುಚಿ ನೋಡ್ಲಿಲ್ವನೇ ನೀನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತೆ, "ಯಾವ ಚೀಟಿಯೇ?" ಎಂದು ಕೇಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ನನಗೆ ಎದ್ದು ಹೋಗಿ ಟ್ರಂಕು ತೆರೆಯುವ ಹಾಗಿರಲಿಲ್ಲ. ಎರಡೂ ಕೈ ಕಟ್ಟಿಹಾಕಿದಂತೆ. ಇನ್ನೊಬ್ಬರ ಕೈಯಲ್ಲಿ ತೆಗೆಸಿದರೆ ಗುಟ್ಟು ರಟ್ಟು. ಮದರಂಗಿ ಕೈಮೇಲೆ ನಾಲ್ಕು ತಾಸಾದರೂ ಇರಬೇಕು. ಒಣಗಿ ಬಿರುಕು ಬಿಟ್ಟಾಗಲೆಲ್ಲ ಅತ್ತೆ ನಿಂಬೆರಸ ಸಕ್ಕರೆಯ ನೀರಲ್ಲಿ ಅರಳೆ ಅದ್ದಿ ಒತ್ತುತ್ತಿದ್ದಳು. ಸಾಕು, ತೆಗೆಯುತ್ತೇನೆ ಎಂದರೆ, "ಬಣ್ಣ ಬರೂದಿಲ್ಲ, ಸುಮ್ನೆ ಕೂತ್ಕ," ಎಂದು ಗದರಿದಳು. ಅಷ್ಟು ಉದ್ದದ ಮಧ್ಯಾಹ್ನವನ್ನು ನಾನು ಮತ್ತೆ ಕಂಡಿಲ್ಲ. ದೀಪ ಹಚ್ಚುವ ಹೊತ್ತಿಗೆ ಚಮಚದ ಹಿಂಬದಿಯಲ್ಲಿ ಕೆರೆದು, ನೀರು ಸೋಕಿಸದೆ ಕೊಬ್ಬರಿ ಎಣ್ಣೆ ತಿಕ್ಕಿದರು. ಒಳಗೆ ಓಡಿ ಟ್ರಂಕು ತೆಗೆದೆ.

ಹಾಳೆಯ ಹಿಂಬದಿಯಲ್ಲಿ ಬರೆದಿತ್ತು: "ಎಡಗೈ ಮಾತ್ರ ತನ್ನಿ. ಬಲಗೈ ಎದುರು ಮನೆಯದು, ಅಲ್ಲಿ ಮೂರೂವರೆಗೆ. ನಾನೂ ಬಲಗೈ ಅಲ್ಲೇ ಹಚ್ಚಿಸಿಕೊಳ್ಳುವವಳು. ಆ ಮದುಮಗಳಿಗೆ ಮೂಗಿನ ತುದಿಯಲ್ಲೇ ಕೋಪ, ಕಾಯಿಸಬೇಡಿ."

ಓದಿ ಅತ್ತುಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅಳಲಿಲ್ಲ. ಬೀದಿ ದಾಟಲು ಹತ್ತು ಹೆಜ್ಜೆ ಸಾಕಿತ್ತು. ನಮ್ಮ ಬಟ್ಟಲು ಖಾಲಿಯಾದರೇನು, ಅವಳ ಮನೆಯ ಬಟ್ಟಲು ತುಂಬಿಯೇ ಇತ್ತು. ಹೋಗಿ ಅವಳ ಬಲಗೈಗೆ ನನ್ನ ಕೈಯಾರೆ ಹಚ್ಚಬಹುದಿತ್ತು. ಹೋಗಲಿಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದೆ ಎಂಬ ಹೊಸ ಕಿಚ್ಚು ಹಳೆಯದಕ್ಕಿಂತ ಜೋರಾಗಿ ಹತ್ತಿಕೊಂಡಿತ್ತು.

ಬೆಳಗಾಗುವಷ್ಟರಲ್ಲಿ ನನ್ನ ಅಂಗೈ ಕಡುಗೆಂಪಾಗಿತ್ತು. ಗಂಡ ಬಹಳ ಪ್ರೀತಿಸುತ್ತಾನೆ ಎಂದು ಎಲ್ಲರೂ ಛೇಡಿಸಿದರು. ಅವಳ ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದ ಅತ್ತೆ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು. ಧಾರೆಗೆ ನಿಂತ ಮದುಮಗಳ ಎಡಗೈ ಮಾತ್ರ ಕೆಂಪು, ಬಲಗೈ ಬೋಳು. ತಾಯಿ ರಾತ್ರಿ ಎಷ್ಟು ಬೇಡಿಕೊಂಡರೂ ಹಚ್ಚಿಸಿಕೊಳ್ಳಲಿಲ್ಲವಂತೆ. ಗಂಡಿನ ಕಡೆಯವರು ಇದೇನು ಎಂದು ಕೇಳಿದ್ದಕ್ಕೆ, "ನಾನೇ ಹೊತ್ತು ತಪ್ಪಿ ಬರ್ದಿದ್ದೆ," ಎಂದು ನಕ್ಕಳಂತೆ.

ಆಮೇಲೆ ತೀರ್ಥಹಳ್ಳಿಗೆ ಎಷ್ಟೋ ಸಲ ಹೋದೆ. ಪ್ರತಿ ಸಲವೂ ಬಸ್ ಸ್ಟ್ಯಾಂಡಿನಿಂದ ಅವಳ ಮನೆಯ ದಾರಿ ಕೇಳಿಕೊಳ್ಳುವುದು, ಇನ್ನೊಮ್ಮೆ ನೋಡೋಣ ಎಂದು ತಿರುಗಿ ಬರುವುದು... ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ಬಂತು. ಅಷ್ಟು ಮಂದಿ ಅಳುವುದಕ್ಕೆ ಸೇರಿದ್ದರೆಂದು ಕೇಳಿ, ಆಗಲೂ ಒಂದು ಕ್ಷಣ ನನಗೆ ಹೊಟ್ಟೆ ಉರಿಯಿತು. ಅಳು ಬಂದದ್ದು ಆಮೇಲೆ.

ಮೊನ್ನೆ ಮೊಮ್ಮಗಳು ಕೋನು ಹಿಡಿದುಕೊಂಡು ಒಳಗೆ ಬಂದು, "ಎರಡೂ ಕೈ ಕೊಡಜ್ಜಿ," ಎಂದಳು. ಬಲಗೈ ಚಾಚಿದೆ. ಇನ್ನೊಂದು ಎಲ್ಲಿ ಎಂದಳು. ಎಡಗೈಗೆ ಹಚ್ಚಬೇಕಾದವಳು ಈಗಿಲ್ಲ ಎಂದೆ.