ಔಷಧಿ ಇಟ್ಟ ಗೋದಾಮಿನ ಬಾಗಿಲಲ್ಲಿ

ಶಿರಹಟ್ಟಿಯಲ್ಲಿ ಬಸ್ಸು ಹತ್ತುವಾಗ ನನ್ನ ಗಂಡ ಹೇಳಿದ್ದು ಒಂದೇ ಮಾತು: "ಇವತ್ತೊಂದ ದಿನ ಬಾಯಿ ಬಿಗಿಹಿಡದು ಮಾತಾಡು." ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಕಿರಾಣಿ ಗೋದಾಮು ಮುಚ್ಚಿದ ಮೇಲೆ ಎರಡು ಕಡೆ ಸಂದರ್ಶನಕ್ಕೆ ಹೋಗಿ ಕೆಡಿಸಿಕೊಂಡು ಬಂದಿದ್ದೆ. ಹಮಾಲರು ಹೆಣ್ಣುಮಗಳ ಮಾತು ಕೇಳ್ತಾರಾ ಎಂದು ಒಬ್ಬರು ಕೇಳಿದಾಗ, ನಿಮ್ಮ ಮಾತು ಕೇಳ್ತಾರಾ ಎಂದು ತಿರುಗಿ ಕೇಳಿದ್ದೆ. ಇದೂ ಕೈತಪ್ಪಿದರೆ ಮಗಳ ಕಾಲೇಜು ನಿಲ್ಲುತ್ತಿತ್ತು. ಮುಳಗುಂದ ದಾಟುವವರೆಗೂ ಕಿಟಕಿಯ ಸರಳು ಹಿಡಿದುಕೊಂಡೇ ಕುಳಿತಿದ್ದೆ.

ಗದಗಿನ ಹೊರಗೆ, ಕಾಳು ಇಡುವ ಗೋದಾಮುಗಳ ಸಾಲು. ಮೇಲ್ವಿಚಾರಕರ ಕೆಲಸ ಖಾಲಿ ಇತ್ತು. ಸಂದರ್ಶನ ಮಾಡಿದವರು ಮ್ಯಾನೇಜರ್ ಒಬ್ಬರೇ. ವಯಸ್ಸಾದ, ಸಮಾಧಾನದ ಮನುಷ್ಯ. ಮೊದಲು ಚಹಾ ತರಿಸಿದರು.

ಒಂದು ಕಿಲೋ ಕೂಡ ವ್ಯತ್ಯಾಸ ಬಾರದಂತೆ ದಾಸ್ತಾನು ಇಡುತ್ತೀರಾ ಎಂದು ಕೇಳಿದರು. ಹೌದು ಎಂದುಬಿಡು ಎಂದು ಮನಸ್ಸು ಹೇಳಿತು. ಆದರೆ ಚೀಲದ ಎಣಿಕೆಯಲ್ಲಿ ಒಂದೂ ತಪ್ಪಬಾರದು, ತೂಕದ ಮಾತು ಬೇರೆ ಎಂದೆ. ತೇವ ಇದ್ದಾಗ ಬಂದ ಹೆಸರುಕಾಳು ಬೇಸಿಗೆಗೆ ಒಣಗಿ ಇಳಿಯುತ್ತದೆ, ಅದಕ್ಕೇ ಒಳಗೆ ಬರುವಾಗಲೇ ತೇವಾಂಶ ಅಳೆದು ಬರೆದಿಡಬೇಕು. ಬೇಸಿಗೆ ಕಳೆದರೂ ತೂಕ ಕದಲದಿದ್ದರೆ ನಾನು ತೂಕದ ಯಂತ್ರವನ್ನೇ ಅನುಮಾನಿಸುತ್ತೇನೆ ಎಂದೆ. ಅವರು ನಕ್ಕರು. ಸುಗ್ಗಿಯಲ್ಲಿ ಎರಡು ಪಾಳಿ ನಡೆದಾಗ ಹೇಗೆ ಎಂದರು. ಹೋಗುವವರೂ ಬರುವವರೂ ಜೊತೆಗೆ ನಿಂತು ಎಣಿಸಿ ಸಹಿ ಹಾಕಬೇಕು, ಫೋನಿನಲ್ಲಿ ಲೆಕ್ಕ ಒಪ್ಪಿಸುವುದು ನಡೆಯದು ಎಂದೆ. ಹಮಾಲ ಕುಡಿದು ಬಂದರೆ? ಪೇರಿಸಿಟ್ಟ ಚೀಲದ ಥಪ್ಪಿ ಹತ್ತಲು ಬಿಡದೆ ಜೊತೆಗೊಬ್ಬರನ್ನು ಕೊಟ್ಟು ಮನೆಗೆ ಕಳಿಸುತ್ತೇನೆ, ಬೈಯುವುದಿದ್ದರೆ ಮರುದಿನ, ಅದೂ ಎಲ್ಲರ ಮುಂದೆ ಅಲ್ಲ ಎಂದೆ. ಅವರ ಮುಖ ಅರಳಿದ್ದು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು. ಕೈಗೆ ಬಂದದ್ದನ್ನು ಕೆಡಿಸಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಮಾಲೀಕರ ಫೋನು ಬಂತು. ಕೊನೆಯ ಗೋದಾಮಿನಲ್ಲಿ ಕಡಲೆ ಎಷ್ಟು ಚೀಲ ಇದೆ, ಈಗಲೇ ಹೇಳಬೇಕಂತೆ. ಮ್ಯಾನೇಜರ್ ಬೀಗದ ಕೈ ತೆಗೆದುಕೊಂಡು ಎದ್ದರು. "ಬರ್ರಿ, ನಿಮ್ಮ ಎಣಿಕಿನೂ ನೋಡಿದಂಗ ಆಕ್ಕತಿ."

ಆ ಗೋದಾಮಿನ ಬಾಗಿಲ ಮೇಲೆ ತಲೆಬುರುಡೆಯ ಬೋರ್ಡು ನೇತಾಡುತ್ತಿತ್ತು. ಕಾಳಿನ ಹುಳು ಸಾಯಲೆಂದು ಔಷಧಿಯ ಗುಳಿಗೆ ಇಟ್ಟಿದ್ದರು. ಆ ಗುಳಿಗೆಯಿಂದ ಹೊರಡುವ ಗಾಳಿ ಹುಳುವನ್ನಷ್ಟೇ ಅಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ. ಬೋರ್ಡಿನಲ್ಲಿ ಬರೆದಿದ್ದ ತೆರೆಯುವ ದಿನ ಇನ್ನೂ ಬಂದಿರಲಿಲ್ಲ. ಅದನ್ನು ತೋರಿಸಿದೆ. ಥಪ್ಪಿಯ ಮೇಲೆ ತಾಡಪತ್ರಿ ಹೊದಿಸಿದೆ, ಗಾಳಿ ಹೊರಗೆ ಬರುವುದಿಲ್ಲ, ಎಷ್ಟೋ ಸಲ ಒಳಗೆ ಹೋಗಿ ಬಂದಿದ್ದೇನೆ ಎಂದು ಅವರು ಬೀಗ ತೆಗೆದರು. ಪಕ್ಕದ ನೆರಳಿನಲ್ಲಿ ಹಮಾಲರು ಊಟಕ್ಕೆ ಕುಳಿತಿದ್ದರು. ಬಾಗಿಲು ಬೆರಳಗಲ ಸರಿಯಿತು. ಬೆಳ್ಳುಳ್ಳಿ ಕೊಳೆತಂಥ ವಾಸನೆ ಮುಖಕ್ಕೆ ಹೊಡೆಯಿತು.

ಗಂಡನ ಮಾತು ನೆನಪಿತ್ತು. ಮಗಳೂ ನೆನಪಿದ್ದಳು. ಆದರೂ ಬಾಗಿಲನ್ನು ಎಳೆದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ನೌಕರಿ ಕೇಳಾಕ ಬಂದು ನನಗ ಅಡ್ಡ ನಿಲ್ತೀರೇನು?" ಎಂದರು. ಸಮಾಧಾನದ ಮನುಷ್ಯನ ದನಿ ಗಡುಸಾಗಿತ್ತು.

"ನೌಕರಿ ಕೊಡಬ್ಯಾಡ್ರಿ. ಆದ್ರ ಈ ಬಾಗಲಾ ತಗೀಬ್ಯಾಡ್ರಿ. ಒಳಗ ಗಾಳಿ ಸೋರಾಕತ್ತೈತಿ, ವಾಸನಿ ನಿಮಗೂ ಬಂತು."

ಅಷ್ಟು ಹೇಳಿ ಮೊದಲು ಹಮಾಲರನ್ನು ಎಬ್ಬಿಸಿದೆ. ಬುತ್ತಿ ಎತ್ತಿಕೊಂಡು ಗೇಟಿನ ಆಚೆ ಹೋಗಿ ಎಂದು ಕೂಗಿದೆ. ಅವರು ಮ್ಯಾನೇಜರ್ ಮುಖ ನೋಡಿದರು. ಮ್ಯಾನೇಜರ್ ಬೀಗ ಹಾಕಲು ಹೋದರು, ಕೀಲಿ ರಂಧ್ರಕ್ಕೆ ಸೇರದೆ ಎರಡು ಸಲ ಜಾರಿತು. ಬಳಿಕ ಅವರೇ ಕೈಬೀಸಿ ಎಲ್ಲರನ್ನೂ ದೂರ ಕಳಿಸಿದರು. ಔಷಧಿ ಇಟ್ಟವನಿಗೆ ಫೋನು ಮಾಡಿ ಕೂಡಲೇ ಬಾ ಎಂದರು. ಮಾಲೀಕರಿಗೆ, ಇವತ್ತು ಎಣಿಕೆ ಸಿಗುವುದಿಲ್ಲ ಎಂದರು.

ನಾನು ಗೇಟಿನ ಹತ್ತಿರ ನನ್ನ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದೆ. ಮನೆಯಲ್ಲಿ ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಮೂರನೆಯದೂ ಹೋಯಿತು ಎಂದೇ ಅಂದುಕೊಂಡಿದ್ದೆ. ಅವರು ಹತ್ತಿರ ಬಂದರು. ಹಣೆಯ ಬೆವರು ಒರೆಸಿಕೊಂಡರು.

"ಸುಮ್ನ ನಿಮ್ಮನ್ನ ಪರೀಕ್ಷಾ ಮಾಡಿದ್ನಿರಿ, ಪಾಸಾದ್ರಿ," ಎಂದರು.

ಸಿಟ್ಟು ನೆತ್ತಿಗೇರಿತು. ಹಾಗಾದರೆ ಕೀಲಿ ಯಾಕೆ ಎರಡು ಸಲ ಜಾರಿತು ಎಂದು ಕೇಳಬೇಕೆನಿಸಿತು. ನಾಲಿಗೆಯ ತುದಿವರೆಗೆ ಬಂದದ್ದನ್ನು ನುಂಗಿಕೊಂಡೆ.

"ಎಂದಿನಿಂದ ಬರಬೇಕ್ರಿ?" ಎಂದೆ.