ಸುಣ್ಣದ ಕಲ್ಲು ಬೇಯುವ ಬಿಸಿ

ಮೊಮ್ಮಗಳಿಗೆ ರಸಾಯನಶಾಸ್ತ್ರ ಬರುವುದಿಲ್ಲ ಎಂಬುದು ಸುಳ್ಳು. ಅವಳು ಒಂದು ಸಾವಿರವನ್ನು ಮರೆತಿದ್ದಳು, ಅಷ್ಟೆ. ಪಿಯುಸಿ ಪರೀಕ್ಷೆಯ ಹಿಂದಿನ ದಿನ ಕಮಲಾಪುರದ ನಮ್ಮ ಪಡಸಾಲೆಯಲ್ಲಿ ಕುಳಿತು, ಎಷ್ಟು ಬಿಸಿ ದಾಟಿದರೆ ಸುಣ್ಣದ ಕಲ್ಲು ತಾನಾಗಿಯೇ ಒಡೆದು ಸುಣ್ಣವಾಗುತ್ತದೆ ಎಂದು ಲೆಕ್ಕ ಮಾಡುತ್ತಿದ್ದಳು. ಪುಸ್ತಕದಲ್ಲಿ ಕೊಟ್ಟ ಅಂಕಿ ಎರಡು: ಕಲ್ಲು ಒಡೆಯಲು ಬೇಕಾದ ಶಾಖ, ಅಂದರೆ ಎಂಥಾಲ್ಪಿ ೧೭೮; ಎಂಟ್ರೋಪಿ ಎಂಬುದು ೧೬೦. ಭಾಗಿಸಿದರೆ ಒಂದು ಚಿಲ್ಲರೆ ಕೆಲ್ವಿನ್ ಬಂತು. ಪುಸ್ತಕದ ಉತ್ತರ ಬೇರೆಯಿತ್ತು.

“ನಾಳೆ ನಾ ಪರೀಕ್ಷೆಗೆ ಹೋಗಂಗಿಲ್ಲಜ್ಜಿ” ಎಂದು ಅತ್ತಳು.

“ಒಂದು ಅಂದ್ರ ಎಷ್ಟು ಬಿಸಿ?” ಎಂದು ಕೇಳಿದೆ.

“ಬಿಸಿ ಅಲ್ಲ, ಐಸಿಗಿಂತ ಭಾಳ ಥಂಡಿ.”

ನಾನು ಹರೆಯದಲ್ಲಿ ಸುಣ್ಣದ ಭಟ್ಟಿಗೆ ಕಲ್ಲು ಹೊತ್ತವಳು. “ಹಂಗಾದ್ರ ಭಟ್ಟಿ ಯಾಕ ಬೇಕಿತ್ತಲೇ? ಬಯಲಾಗಿನ ಕಲ್ಲೆಲ್ಲ ಸುಣ್ಣ ಆಗ್ತಿದ್ವು. ಕಲ್ಲು ಕೆಂಡದಂಗ ಕೆಂಪಾಗಬೇಕು.”

ಅವಳು ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಮೊದಲಿನದು ಕಿಲೋಜೂಲ್, ಅಂದರೆ ಸಾವಿರ ಜೂಲ್; ಎರಡನೆಯದು ಬರೀ ಜೂಲ್. ಮೊದಲಿನದನ್ನು ಸಾವಿರದಿಂದ ಗುಣಿಸಿ ಭಾಗಿಸಿದಾಗ ೧೧೧೨.೫ ಕೆಲ್ವಿನ್ ಬಂತು; ಪುಸ್ತಕದ ಉತ್ತರವೂ ಅದೇ. ನಮ್ಮ ಲೆಕ್ಕದಲ್ಲಿ ಸುಮಾರು ೮೪೦ ಡಿಗ್ರಿಯಂತೆ.

“ಕೆಂಪಗಾಗೋ ಬಿಸಿನ ಐತಜ್ಜಿ!”

ಮರುದಿನ ಬೆಳಿಗ್ಗೆ ಚಹಾದ ಲೋಟ ಹಿಡಿದು, “ಸಾವಿರ ಎಲ್ಲೈತಿ?” ಎಂದು ಕೇಳಿದೆ. “ಕಿಲೋದಾಗ” ಎಂದಳು. ಆಮೇಲೆಯೇ ಲೋಟ ಕೊಟ್ಟೆ.